ಸಹಾಯ ಬೇಕು: ಮರಳು ದ್ರವೀಕರಣದ ಲೆಕ್ಕದಲ್ಲಿ ಭೂಕಂಪದ ತೀವ್ರತೆ ಎಷ್ಟು ಹಿಡಿಯಬೇಕು?

ಮಂಗಳೂರಿನ ಹತ್ತಿರ ನದಿ ಬದಿಯ ಒಂದು ಸೈಟು. ಭೂಕಂಪದಲ್ಲಿ ಅಲ್ಲಿನ ನೀರು ತುಂಬಿದ ಮರಳು ದ್ರವದಂತಾಗಿಬಿಡುತ್ತದೆಯೇ ಅಂತ ನೋಡುತ್ತಿದ್ದೇನೆ. 6 ಮೀಟರ್ ಆಳದಲ್ಲಿ ಹೂಳು ಬೆರೆತ ಮರಳು, ನೀರು 2 ಮೀಟರಿಗೇ ಸಿಗುತ್ತದೆ. ಸುತ್ತಿಗೆ ಹೊಡೆದು ನೆಲದ ಗಟ್ಟಿತನ ನೋಡುವ ಎಸ್‌ಪಿಟಿ ಪರೀಕ್ಷೆಯಲ್ಲಿ ಬಂದದ್ದು 9 ಹೊಡೆತ. ಸುತ್ತಿಗೆಯ ಶಕ್ತಿ 60% ಅಂತ ಹಿಡಿದಿದ್ದೇನೆ, ಯಾರೂ ಅಳೆದಿಲ್ಲ.

ಆ ಆಳದಲ್ಲಿ ಒಟ್ಟು ಒತ್ತಡ 112 ಕೆಪಿಎ, ನೀರಿನ ಒತ್ತಡ ಕಳೆದರೆ 73. ನೆಲದ ವೇಗೋತ್ಕರ್ಷಕ್ಕೆ 2016ರ ಭೂಕಂಪ ಸಂಹಿತೆ ಐಎಸ್ 1893ರ ಮೂರನೇ ವಲಯದ 0.16 ತೆಗೆದುಕೊಂಡೆ. ಆಳಕ್ಕೆ ತಕ್ಕ ಕಡಿತ 0.954. ಭೂಕಂಪ ಮಣ್ಣಿನ ಮೇಲೆ ಹಾಕುವ ಹೊರೆ, ಅಂದರೆ ಸಿಎಸ್‌ಆರ್, ಹೀಗೆ ಬರುತ್ತದೆ:

```
CSR = 0.65 × 0.16 × (112/73) × 0.954 = 0.15
```

ಹೊಡೆತಗಳನ್ನು 100 ಕೆಪಿಎ ಒತ್ತಡಕ್ಕೆ ಸರಿಪಡಿಸಿದರೆ 10.5. ನುಣ್ಣನೆಯ ಕಣ 20% ಇದೆ, ಅದನ್ನೂ ಸೇರಿಸಿದರೆ 15. ಅದಕ್ಕೆ ಮಣ್ಣಿನ ತಾಳಿಕೆ, ಅಂದರೆ ಸಿಆರ್‌ಆರ್, 0.16. ಸುರಕ್ಷತಾ ಅಂಶ ಬರೀ 1.05!

ಇಲ್ಲೇ ಸಿಕ್ಕಿಬಿದ್ದಿದ್ದೇನೆ. ಈ ಸಿಆರ್‌ಆರ್ ಗೆರೆ 7.5 ತೀವ್ರತೆಯ ಭೂಕಂಪಕ್ಕೆ. 6.5 ಹಿಡಿದರೆ ಕುಲುಕಾಟದ ಸುತ್ತುಗಳು ಕಡಿಮೆ, 1.44ರಿಂದ ಗುಣಿಸಬಹುದು, ಆಗ 1.5 ಆಗುತ್ತದೆ. 7.5 ಹಿಡಿದರೆ ಕಲ್ಲಿನ ಕಂಬ ಹಾಕಿ ನೆಲ ಗಟ್ಟಿ ಮಾಡಬೇಕು, 6.5 ಹಿಡಿದರೆ ಬೇಡ. ಆದರೆ 0.16 ಅನ್ನೋ ಅಂಕೆ ಯಾವ ತೀವ್ರತೆಯದು ಅಂತ ವಲಯ ಹೇಳುವುದಿಲ್ಲ ಅಲ್ವಾ? ಗೆಳೆಯರೊಬ್ಬರು ಸುಮ್ನೆ 7.5 ಇಟ್ಟುಬಿಡಿ ಅಂದರು, ಕಾರಣ ಹೇಳಲಿಲ್ಲ.

ಕರಾವಳಿಯ ಸೈಟುಗಳಿಗೆ ನೀವು ಎಷ್ಟು ತೀವ್ರತೆ ಹಿಡಿಯುತ್ತೀರಿ? ಪರಿಶೀಲಿಸುವವರ ಮುಂದೆ ಅದಕ್ಕೆ ಏನು ಆಧಾರ ಕೊಡುತ್ತೀರಿ?