ಎಸ್‌ಐಪಿ ನಿಲ್ಲಿಸಿ, ಇದ್ದದ್ದನ್ನು ಹಾಗೇ ಬಿಟ್ಟರೆ 60ಕ್ಕೆ ಎಷ್ಟು ಕಡಿಮೆ?

ಕೇಳಿದವರು: ನನಗೀಗ 45. ತಿಂಗಳಿಗೆ 10,000 ರೂಪಾಯಿಯಂತೆ 15 ವರ್ಷ ಈಕ್ವಿಟಿ ಫಂಡಿಗೆ ಹಾಕಿದ್ದು ಈಗ 50 ಲಕ್ಷ ಆಗಿದೆ. ಮಗಳ ಇಂಜಿನಿಯರಿಂಗ್ ಫೀಸಿಗಾಗಿ ಎಸ್‌ಐಪಿ ನಿಲ್ಲಿಸಿ, 50 ಲಕ್ಷ ಮುಟ್ಟದೆ ಬಿಡೋಣ ಅಂತಿದ್ದೇನೆ. 12% ಹಾಕಿ ನೋಡಿದರೆ ಎಸ್‌ಐಪಿ ಕ್ಯಾಲ್ಕುಲೇಟರ್ 30 ವರ್ಷಕ್ಕೆ 3.53 ಕೋಟಿ ತೋರಿಸುತ್ತೆ, ಲಂಪ್‌ಸಮ್ ಕ್ಯಾಲ್ಕುಲೇಟರ್ 50 ಲಕ್ಷಕ್ಕೆ 2.74 ಕೋಟಿ. 79 ಲಕ್ಷ ವ್ಯತ್ಯಾಸ ನಿಜವೇ?

ಮಲೆನಾಡು_ಲೆಕ್ಕ: ಅಷ್ಟಿಲ್ಲ ಮೇಡಂ. ಎರಡು ಕ್ಯಾಲ್ಕುಲೇಟರ್‌ಗಳು 12%ನ್ನು ಬೇರೆ ಬೇರೆ ಥರ ಓದುತ್ತಿವೆ. ಸಾಮಾನ್ಯವಾಗಿ ಎಸ್‌ಐಪಿಯದ್ದು ತಿಂಗಳಿಗೆ 1% ಅಂತ ಹಿಡಿಯುತ್ತೆ, ಅದು ವರ್ಷಕ್ಕೆ 12.68% ಆಗುತ್ತೆ. ಲಂಪ್‌ಸಮ್‌ನದ್ದು ವರ್ಷಕ್ಕೆ ಸರಿಯಾಗಿ 12%. ಎರಡನ್ನೂ ಕಳೆದಾಗ ಬಂದ ವ್ಯತ್ಯಾಸದಲ್ಲಿ ಒಂದಷ್ಟು ಪಾಲು ಈ ಗೊಂದಲದ್ದೇ.

ಹಳೇ ಹಣ ಎರಡೂ ದಾರಿಯಲ್ಲಿ ಒಂದೇ ರೀತಿ ಬೆಳೆಯುತ್ತೆ. ಹಾಗಾಗಿ ನೀವು ಕಳೆದುಕೊಳ್ಳೋದು ಮುಂದಿನ 15 ವರ್ಷದ ಕಂತುಗಳು ಬೆಳೆದು ಆಗುತ್ತಿದ್ದ ಮೊತ್ತ ಮಾತ್ರ. ಎಕ್ಸೆಲ್‌ನಲ್ಲಿ ಹೀಗೆ ಹಾಕಿ:

```
=FV(1.12^(1/12)-1,180,-10000,0,1)
```

ಸುಮಾರು 47.6 ಲಕ್ಷ ಬರುತ್ತೆ. ಮುಂದುವರಿಸಿದರೆ 3.21 ಕೋಟಿ, ನಿಲ್ಲಿಸಿದರೆ 2.74 ಕೋಟಿ. ವರ್ಷಕ್ಕೆ 6% ಬೆಲೆಯೇರಿಕೆ ಹಿಡಿದರೆ ಆ 47.6 ಲಕ್ಷ ಇವತ್ತಿನ ಸುಮಾರು 20 ಲಕ್ಷಕ್ಕೆ ಸಮ.

ಗಾಂಧಿಬಜಾರ್_ಗಿರಾಕಿ: ಮತ್ತಿನ್ನೇನು, ನೂರಕ್ಕೆ 15ರಷ್ಟೇ ಕಡಿಮೆ. ಮೊದಲ 15 ವರ್ಷದ ಹಣವೇ ದುಡಿಯೋದು. ನಿಶ್ಚಿಂತೆಯಿಂದ ನಿಲ್ಲಿಸಿ.

ಮಲೆನಾಡು_ಲೆಕ್ಕ: ಅರ್ಧ ಒಪ್ಪುತ್ತೇನೆ ಸರ್. ಆ 15% ಬಂದದ್ದು, 60ರವರೆಗೂ 10,000 ಒಂದು ರೂಪಾಯಿಯೂ ಏರಲ್ಲ ಅಂತ ಹಿಡಿದಿದ್ದಕ್ಕೆ. ಸಂಬಳ ಏರಿದಂತೆ ಕಂತನ್ನೂ ವರ್ಷಕ್ಕೆ 10% ಏರಿಸುವವರಾದರೆ ಅದೇ 15 ವರ್ಷದ ಕಂತು ಸುಮಾರು 83 ಲಕ್ಷ ಆಗುತ್ತೆ. ಬಿಟ್ಟುಕೊಡೋದು ಇದನ್ನು. ಜೊತೆಗೆ, ಶುರು ಮಾಡಿ 5 ವರ್ಷಕ್ಕೇ ನಿಲ್ಲಿಸುವವರಿಗೆ ನಿಮ್ಮ ಮಾತು ಹೊಂದೋದಿಲ್ಲ. ತಿಂಗಳಿಗೆ 1%ರ ಲೆಕ್ಕದಲ್ಲಿ 30ನೇ ವಯಸ್ಸಿಗೆ ಶುರು ಮಾಡಿ 35ಕ್ಕೆ ನಿಲ್ಲಿಸಿದರೆ 60ಕ್ಕೆ 1.63 ಕೋಟಿ. ಮುಂದುವರಿಸಿದ್ದರೆ 3.53 ಕೋಟಿ, ಎರಡು ಪಟ್ಟಿಗೂ ಹೆಚ್ಚು.

ಶಿರಸಿ_ಅಡಿಕೆ: ನಮ್ಮ ಎಲ್‌ಐಸಿ ಪಾಲಿಸಿ ಪ್ರೀಮಿಯಂ ನಿಲ್ಲಿಸಿದ ಮೇಲೆ ಪೇಯ್ಡ್-ಅಪ್ ಆಯ್ತು, ಮುಂದೆ ಬೋನಸ್ ಬರಲಿಲ್ಲ. ಇಲ್ಲೂ ಹಾಗೇ ಆಗುತ್ತಾ?

ಮಲೆನಾಡು_ಲೆಕ್ಕ: ಇಲ್ಲ. ಮ್ಯೂಚುವಲ್ ಫಂಡಿನಲ್ಲಿ ನಿಮ್ಮ ಹೆಸರಿನಲ್ಲಿರೋದು ಯೂನಿಟ್‌ಗಳು. ಕಂತು ಹಾಕಿದರೂ ಬಿಟ್ಟರೂ ಯೂನಿಟ್‌ನ ಬೆಲೆಯಾದ ಎನ್‌ಎವಿ ಎಲ್ಲರಿಗೂ ಒಂದೇ. ಕಂತು ನಿಲ್ಲಿಸಿದ್ದಕ್ಕೆ ಫಂಡ್ ಹೌಸ್ ದಂಡ ಹಾಕೋದೂ ಇಲ್ಲ.

ಮಂಗಳೂರು_ಮೀನಾ: ಅಕ್ಕಾ, ಫೀಸು ನಾಲ್ಕು ವರ್ಷದ್ದು, ನೀವು ನಿಲ್ಲಿಸೋದು ಹದಿನೈದು ವರ್ಷಕ್ಕಾ? ನಾಲ್ಕೇ ವರ್ಷ ಬಿಟ್ಟು 49ಕ್ಕೆ ಮತ್ತೆ ಶುರು ಮಾಡಿದರೆ 60ಕ್ಕೆ ತಪ್ಪೋದು ಸುಮಾರು 21 ಲಕ್ಷ, ಇವತ್ತಿನ ಬೆಲೆಯಲ್ಲಿ 9 ಲಕ್ಷದ ಹತ್ತಿರ. ಆ ನಾಲ್ಕು ವರ್ಷ 5,000ಕ್ಕೆ ಇಳಿಸಿದರೆ ಇದೂ ಅರ್ಧ. ಹೆಚ್ಚು ಕೆಡೋದು ಎಲ್ಲಿ ಅಂದರೆ, ಫೀಸು ಸಾಲದೆ 50 ಲಕ್ಷದಿಂದಲೇ ತೆಗೆಯುವಾಗ. ಈಗ 5 ಲಕ್ಷ ತೆಗೆದರೆ 12%ರಂತೆ 60ಕ್ಕೆ 27 ಲಕ್ಷ ಹೋದಂತೆ. ನಿಲ್ಲಿಸುವ ನಾಲ್ಕು ವರ್ಷದ ಕಂತು ಕೂಡಿದರೂ 4.8 ಲಕ್ಷ ಅಷ್ಟೇ. ಹಾಗಾಗಿ ಬೇಕಿದ್ದರೆ ಕಂತು ನಿಲ್ಲಿಸಿ, ಹಣ ಮಾತ್ರ ತೆಗೀಬೇಡಿ. ನನ್ನ ಕೇಳಿದರೆ ಮಗಳ ಹೆಸರಲ್ಲಿ ಶಿಕ್ಷಣ ಸಾಲ ಮಾಡಿ, ಎಸ್‌ಐಪಿ ನಡೀಲಿ.

ಗಾಂಧಿಬಜಾರ್_ಗಿರಾಕಿ: ಸಾಲದ ಬಡ್ಡಿ ಖಚಿತ ಮೇಡಂ, ಫಂಡಿನ 12% ಖಚಿತ ಅಲ್ಲ. 8%ರಂತೆ ಬಂದರೆ 15 ವರ್ಷದ ಕಂತು ಪೂರ್ತಿ ಹಾಕಿದರೂ 34 ಲಕ್ಷ ಅಷ್ಟೇ. ಆಗ ಸಾಲ ಮಾಡಿ ಎಸ್‌ಐಪಿ ನಡೆಸಿದ್ದರಲ್ಲಿ ಲಾಭ ಎಲ್ಲಿ?

ಮಂಗಳೂರು_ಮೀನಾ: ಆ ಮಾತು ಒಪ್ಪುತ್ತೇನೆ. ಸಿಗುವ ಬಡ್ಡಿ ದರ ನೋಡಿಯೇ ತೀರ್ಮಾನಿಸಬೇಕು.

ಕೇಳಿದವರು: ನಾಲ್ಕು ವರ್ಷಕ್ಕೆ ನಿಲ್ಲಿಸೋದಾದರೆ ಬ್ಯಾಂಕಿನಲ್ಲಿ ಬ್ಯಾಲೆನ್ಸ್ ಇಡದೆ ಬಿಟ್ಟರೆ ಸಾಕಾ?

ಮಲೆನಾಡು_ಲೆಕ್ಕ: ಬೇಡ. ಒಂದೊಂದು ಸಲ ಡೆಬಿಟ್ ವಾಪಸಾದಾಗಲೂ ಬ್ಯಾಂಕ್ ಶುಲ್ಕ ಕಡಿಯಬಹುದು. ಸತತ ಮೂರು ತಿಂಗಳು ತಪ್ಪಿದ ಮೇಲೆ ಎಸ್‌ಐಪಿ ತಾನೇ ರದ್ದಾಗುತ್ತೆ, ಅಷ್ಟರಲ್ಲಿ ಮೂರು ಶುಲ್ಕ ಹೋಗಿರುತ್ತೆ. ಕಂತನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಪಾಜ್ ಆಯ್ಕೆಯೂ ಸಾಮಾನ್ಯವಾಗಿ ಕೆಲವೇ ತಿಂಗಳಿಗೆ ಮಾತ್ರ, ನಾಲ್ಕು ವರ್ಷಕ್ಕಲ್ಲ. ಫಂಡ್ ಹೌಸ್ ವೆಬ್‌ಸೈಟಿನಲ್ಲೋ ನೀವು ಬಳಸುವ ಆ್ಯಪ್‌ನಲ್ಲೋ ಎಸ್‌ಐಪಿ ರದ್ದು ಮಾಡಿ, ರಿಡೀಮ್ ಒತ್ತಬೇಡಿ. ಮುಂದಿನ ಕಂತಿನ ತಾರೀಖಿಗೆ ಒಂದು ವಾರ ಮೊದಲೇ ಮಾಡಿದರೆ ಒಳ್ಳೇದು. ಬ್ಯಾಂಕ್ ಮ್ಯಾಂಡೇಟ್ ಮಾತ್ರ ರದ್ದು ಮಾಡಬೇಡಿ. ಅದೇ ಮ್ಯಾಂಡೇಟಿನಲ್ಲಿ ಬೇರೆ ಎಸ್‌ಐಪಿ ಇದ್ದರೆ ಅದೂ ನಿಲ್ಲುತ್ತೆ, ಮತ್ತೆ ಶುರು ಮಾಡುವಾಗ ಹೊಸದಾಗಿ ಸಹಿ ಮಾಡಿಸಬೇಕಾಗುತ್ತೆ.