ಸಹಾಯ ಬೇಕು: ಈ ವಿಳಾಸ ಆಸ್ಟ್ರಿಯಾದ್ದಾ, ಸ್ವಿಟ್ಜರ್ಲೆಂಡಿನದ್ದಾ?

ನಮಸ್ಕಾರ, ನಾನು ಕುಂಬಳೆಯವನು. ನಮ್ಮ ಮಾವನ ಹಳೇ ಪತ್ರಮಿತ್ರರಿಗೆ ಒಂದು ಕಾಗದ ಹಾಕಬೇಕಿತ್ತು. ಸಿಕ್ಕಿದ್ದು ಒಂದೇ ಲಕೋಟೆ. ಸ್ಟ್ಯಾಂಪನ್ನು ಯಾರೋ ಕಿತ್ತುಕೊಂಡಿದ್ದಾರೆ, ಊರು ಮತ್ತು ದೇಶದ ಹೆಸರು ಗೆದ್ದಲಿಗೆ ಹೋಗಿದೆ. ಉಳಿದದ್ದು ಇಷ್ಟು: ಮೊದಲು ಹೆಸರು, ಕೆಳಗೆ "ಬಾನ್‌ಹೋಫ್‌ಸ್ಟ್ರಾಸೆ 14/7", ಅದರ ಕೆಳಗೆ "6020".

ನಮ್ಮಲ್ಲಿ ಮನೆ ಹೆಸರು, ಅಂಚೆ, ಜಿಲ್ಲೆ ಎಲ್ಲ ಬರೆದು ಕೊನೆಗೆ 671ರ ಪಿನ್ ಹಾಕುತ್ತೇವೆ ಅಲ್ವಾ? ಇಲ್ಲಿ ಪಿನ್ ಸಾಲಿನ ಶುರುವಲ್ಲೇ ಇದೆ, ಊರು ಅದರ ನಂತರ ಇದ್ದಿರಬೇಕು. ಮನೆ ನಂಬರು ಬೀದಿಯ ಹೆಸರಾದ ಮೇಲೆ ಬಂದಿದೆ. ಹಾಗಾಗಿ ಇಂಗ್ಲೆಂಡ್, ಫ್ರಾನ್ಸ್ ಅಲ್ಲ, ಅಲ್ಲಿ ನಂಬರು ಬೀದಿಗಿಂತ ಮುಂಚೆ. ಬೀದಿಯ ಹೆಸರು ಜರ್ಮನ್. ಆದರೆ ಜರ್ಮನಿಯ ಪಿನ್ ಈಗ ಐದಂಕಿ, ಈ ಕಾಗದ 2004ರದ್ದು. ಉಳಿದದ್ದು ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್.

ಇಲ್ಲೇ ಸಿಕ್ಕಿಬಿದ್ದದ್ದು. 6020 ಹುಡುಕಿದರೆ ಆಸ್ಟ್ರಿಯಾದ ಇನ್ಸ್‌ಬ್ರುಕ್ ಬರುತ್ತದೆ, ಸ್ವಿಟ್ಜರ್ಲೆಂಡಿನ ಎಮ್ಮೆನ್‌ಬ್ರೂಕೆಯೂ ಬರುತ್ತದೆ! ಸ್ಟ್ರಾಸೆ ಪದದಲ್ಲಿ ಜೋಡಿ ಎಸ್ ಇದೆ. ಸ್ವಿಸ್ಸರು ಹಾಗೇ ಬರೆಯುತ್ತಾರೆ, ಆಸ್ಟ್ರಿಯಾದವರು ಬೇರೆಯೇ ಒಂದು ಅಕ್ಷರ ಹಾಕುತ್ತಾರೆ. ಆದರೆ ವಿಳಾಸ ಪೂರ್ತಿ ದೊಡ್ಡಕ್ಷರದಲ್ಲಿದೆ. ಆಗ ಆಸ್ಟ್ರಿಯಾದವರೂ ಜೋಡಿ ಎಸ್ಸೇ ಬರೆಯುತ್ತಾರಂತೆ, ಆ ಸುಳಿವೂ ಹೋಯಿತು.

ಉಳಿದದ್ದು 14/7 ಒಂದೇ. ಗೀಟಿನ ನಂತರ ಫ್ಲ್ಯಾಟ್ ನಂಬರು ಹಾಕುವುದು ಆಸ್ಟ್ರಿಯಾದ ರೂಢಿ ಎಂದು ಓದಿದೆ. ಸುಮ್ನೆ ಅಂದಾಜಿಗೆ ಕಳಿಸಿದರೆ ಕಾಗದ ಅಲೆದಾಡೀತು.

ಅಲ್ಲಿದ್ದವರು ಹೇಳಿ: ಸ್ವಿಟ್ಜರ್ಲೆಂಡಿನಲ್ಲೂ 14/7 ಅಂತ ಬರೆಯುವುದುಂಟಾ, ಅಥವಾ ಈ ಗೀಟು ನೋಡಿಯೇ ಇನ್ಸ್‌ಬ್ರುಕ್ ಎಂದು ಬರೆದು ಹಾಕಬಹುದಾ?