ಸಬ್‌ಟೈಟಲ್ ತಿದ್ದೋದು: ಇವತ್ತ ಸಂಜಿ ಕೇಳ್ರಿ

ಗುಳೇದಗುಡ್ಡದ ಹುಡುಗಿ: ಅಕ್ಕಾರ, ನಮ್ಮೂರಿನ ನೇಕಾರ ಅಜ್ಜಿ ಮಾತಾಡಿದ್ದು 18 ನಿಮಿಷದ ವಿಡಿಯೋ ಐತ್ರಿ. ಒಬ್ಬರ ಕಡೆ ಸಬ್‌ಟೈಟಲ್ ಬರೆಸಿದ್ವಿ. ನೋಡಿದವ್ರು ‘ಅಜ್ಜಿ ಮಾತೇ ಅಲ್ಲ ಇದು’ ಅಂತಾರ. 14ನೇದು ಹಿಂಗೈತಿ, ಏನ್ ತಪ್ಪ ಹೇಳ್ರಿ.

```
14
00:01:12,400 --> 00:01:15,900
ನಮ್ಮ ತಾಯಿ ಕಣ ನೇಯುತ್ತಿದ್ದರು ನೋಡಿ ಈಗ
ಮಗ್ಗ ನಿಂತಿದೆ
```

ಅಕ್ಕ (ಬೆಳಗಾವಿ, ಕರಡು ತಿದ್ದುವವರು): ತಂಗಿ, ಅಜ್ಜಿ ಅಂದಿದ್ದು ಅಂದಂಗ ಬರದ ಹಾಕು, ಆಮ್ಯಾಲೆ ಹೇಳ್ತೇನಿ.

ಗುಳೇದಗುಡ್ಡದ ಹುಡುಗಿ: ‘ನಮ್ಮವ್ವ ಖಣ ನೇಯ್ತಿದ್ಳು ನೋಡ್ರಿ, ಈಗ ಮಗ್ಗ ನಿಂತೈತಿ.’ ಆದ್ರ ‘ಖ’ ಅಷ್ಟ ಒತ್ತಿ ಅನ್ನಂಗಿಲ್ರಿ, ‘ಕಣ’ ಅಂದಂಗ ಕೇಳಸ್ತೈತಿ.

ಅಕ್ಕ: ಇದರಾಗ ಎರಡು ಬ್ಯಾರೆ ಬ್ಯಾರೆ ತಪ್ಪ ಕೂಡ್ಯಾವು. ಬರೆದವ್ರು ಅಜ್ಜಿ ಮಾತನ್ನ ಪುಸ್ತಕದ ಮಾತು ಮಾಡ್ಯಾರ, ಆದ್ರ ಕಾಗುಣಿತ ಮಾತ್ರ ಕಿವಿಗೆ ಬಿದ್ದಂಗ ಬಿಟ್ಟಾರ. ಆಗಬೇಕಾದ್ದು ಇದರ ಉಲ್ಟಾ. ಪದದ ರೂಪ ಆಡಿದವ್ರದ್ದು: ‘ನಮ್ಮವ್ವ’ ಅಂದ್ರ ‘ನಮ್ಮವ್ವ’, ‘ನಿಂತೈತಿ’ ಅಂದ್ರ ‘ನಿಂತೈತಿ’. ತಾಯಿಗೆ ‘ನೇಯ್ತಿದ್ಳು’ ಅಂತ ಏಕವಚನ ಅಂದಾಳ, ಅದರಾಗ ಅಜ್ಜಿ ಸಲಿಗಿ ಐತಿ. ಅದನ್ನ ‘ನೇಯುತ್ತಿದ್ದರು’ ಮಾಡಿದ್ರ ಆಕಿ ಅವ್ವ ಯಾರೋ ದೊಡ್ಡ ಮನಷ್ಯಾ ಆಗಿಬಿಡ್ತಾಳ. ಅಕ್ಷರ ಮಾತ್ರ ರೂಢಿದು. ಬಾಯಾಗ ಮಹಾಪ್ರಾಣ ಸಡಿಲಾದ್ರೂ ಬರಿಯೋದು ‘ಖಣ’, ಅಂದ್ರ ಕುಬಸದ ಬಟ್ಟಿ. ‘ಕಣ’ ಅಂದ್ರ ರಾಶಿ ಮಾಡೋ ಜಾಗ. ಗುಳೇದಗುಡ್ಡದ ಖಣದ ವಿಡಿಯೋದಾಗ ಅಜ್ಜಿಯ ಅವ್ವ ಕಣ ನೇಯ್ದಳು ಅಂತ ಓದಿದ್ರ ದಕ್ಷಿಣದ ಕಡ್ಯಾವ್ರಿಗೆ ಏನ್ ತಿಳೀಬೇಕು?

ಇನ್ನ ಸಾಲು ಒಡ್ಯೋದು. ‘ಈಗ’ ಮ್ಯಾಲಿನ ಸಾಲಿನ ತುದಿಗೆ ಜೋತಾಡ್ತದ. ಓದೋವ್ರು ‘ನೋಡಿ ಈಗ’ ಅಂತ ಕೂಡಿಸ್ಕೊಂಡು, ಕೆಳಗ ಬಂದು, ಮತ್ತ ಹೊಳ್ಳಿ ಮ್ಯಾಲೆ ಹೋಗ್ತಾರ. ಇರೋದು ಮೂರೂವರಿ ಸೆಕೆಂಡ್. ‘ನೋಡ್ರಿ’ ಆದ್ಮ್ಯಾಲೆ ಆಡಿಯೋ ಕೇಳು. ಅಜ್ಜಿ ಉಸಿರು ತಗೊಂಡಿದ್ರ ಅಲ್ಲಿ ಪೂರ್ಣವಿರಾಮ, ಒಂದ ಉಸಿರಿನಾಗ ಓಡಿದ್ರ ಅಲ್ಪವಿರಾಮ. ವ್ಯಾಕರಣ ಆಮ್ಯಾಲೆ.

```
14
00:01:12,400 --> 00:01:15,900
ನಮ್ಮವ್ವ ಖಣ ನೇಯ್ತಿದ್ಳು ನೋಡ್ರಿ.
ಈಗ ಮಗ್ಗ ನಿಂತೈತಿ.
```

ಬಾಗಲಕೋಟೆಯ ಮಾಸ್ತರ್: ಬಾಯಾರ, ಕ್ಷಮಿಸಿ. ಮಕ್ಕಳೂ ಇದನ್ನು ಓದುತ್ತಾರೆ. ‘ನಿಂತೈತಿ’ ಅಂತ ತೆರೆಯ ಮೇಲೆ ಬರೆದರೆ ಅದೇ ಸರಿ ಅಂತ ಪರೀಕ್ಷೆಯಲ್ಲೂ ಬರೆಯುತ್ತಾರೆ. ‘ಖಣ’ ಸರಿಪಡಿಸಿದ್ದು ಒಪ್ಪಿದೆ, ಉಳಿದದ್ದು ಒಪ್ಪಲಾರೆ.

ವಿಜಯಪುರದಾಂವ: ಸರ, ಅಜ್ಜಿ ಪರೀಕ್ಷಾ ಬರ್ಯಾಕ ಬಂದಿಲ್ರಿ. ನಾ ಅಂತೀನಿ, ಕೇಳಿದ್ದ ಕೇಳಿದಂಗ ಬರೀರಿ, ‘ಕಣ’ ಅಂದ್ರ ‘ಕಣ’. ಮತ್ತ ‘ಐತಿ’ ಯಾಕ? ನಮ್ಮ ಕಡೆ ‘ಅದ’ ಅಂತಾರ.

ಅಕ್ಕ: ಅಜ್ಜಿ ನಿಮ್ಮ ಕಡ್ಯಾಕಿ ಅಲ್ಲ. ಆಕಿ ‘ಐತಿ’ ಅಂದಾಳ. ಕೇಳಿದಂಗ ಬರದ್ರ ಕೆಲವ್ರ ಬಾಯಾಗ ‘ಹಣ’ ‘ಅಣ’ ಆಗ್ತೈತಿ, ‘ಹಾಲು’ ‘ಆಲು’ ಆಗ್ತೈತಿ, ಓದೋವ್ರು ಪ್ರತಿ ಪದಕ್ಕೂ ನಿಂದರಬೇಕಾಗ್ತೈತಿ.

ಜಮಖಂಡಿಯವರು: ಅಕ್ಕಾರ ಒಂದ್ ಸಾಲಿಗೆ ಎಷ್ಟ ಅಕ್ಷರ ಇರಬೇಕ್ರಿ? ನಮ್ಮ ತಂತ್ರಾಂಶ 42 ಅಂತೈತಿ, ಎಲ್ಲಾ ಸಾಲೂ ಕೆಂಪಗಾಗ್ಯಾವು.

ಅಕ್ಕ: 42 ಇಂಗ್ಲಿಷಿಗೆ ಹೊಂದೋ ಲೆಕ್ಕ. ಕೆಲವು ತಂತ್ರಾಂಶ ಒತ್ತು, ಗುಣಿತ ಎಲ್ಲಾ ಬಿಡಿಸಿ ಎಣಿಸ್ತಾವು. ಮ್ಯಾಲಿನ ‘ನಮ್ಮವ್ವ ಖಣ ನೇಯ್ತಿದ್ಳು ನೋಡ್ರಿ.’ ಸಾಲು ಹಂಗ ಎಣಿಸಿದ್ರ 29. ಕಣ್ಣಿಗೆ ಕಾಣೋದು 10 ಅಕ್ಷರ, ಮೂರು ಖಾಲಿ ಜಾಗ, ಒಂದು ಚುಕ್ಕಿ, ಒಟ್ಟ 14. ನಮ್ಮ ಅಕ್ಷರ ಅಗಲ, ಅದಕ್ಕ ನಾ ಕಣ್ಣಿಗೆ ಕಾಣೋ 20ರ ಒಳಗ ಮುಗಸ್ತೇನಿ, ಎರಡ ಸಾಲು, ಮೂರನೇದು ಇಲ್ಲ. ಆಮ್ಯಾಲೆ ಫೋನಿನಾಗ ಹಾಕಿ ನೋಡ್ರಿ. ಮ್ಯಾಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದ್ರ ಸಾಲಿನ ನಡು ಜಾಗ ಹೆಚ್ಚ ಮಾಡ್ರಿ.

ಮುಧೋಳದಾಂವ: ಎಲ್ಲಾರಿಗೂ ಉಪಯೋಗ ಆಗ್ಲಿ ಅಂತ ಕಳಸಾಕತ್ತೇನಿ: ‘ಕಂಟ್ರೋಲ್ ಎಚ್ ಒತ್ತಿ, ಎಲ್ಲಾ ಅಲ್ಪವಿರಾಮದ ಮುಂದ ಒಂದ್ ಜಾಗ ಬಿಡ್ರಿ. ಒಂದೇ ನಿಮಿಷದಾಗ ಸಬ್‌ಟೈಟಲ್ ಸ್ವಚ್ಛ! ಹತ್ತು ಜನಕ್ಕ ಕಳಸ್ರಿ.’

ಅಕ್ಕ: ಯಾರೂ ಹಿಂಗ ಮಾಡಬ್ಯಾಡ್ರಿ. ಎಸ್‌ಆರ್‌ಟಿ ಕಡತದಾಗ ಸಮಯದ ಒಳಗೂ ಅಲ್ಪವಿರಾಮ ಐತಿ, ಸೆಕೆಂಡ್ ಮತ್ತ ಮಿಲಿಸೆಕೆಂಡ್ ನಡು. ಅಲ್ಲಿ ಜಾಗ ಬಿದ್ರ ಕೆಲವು ಪ್ಲೇಯರ್ ಸಬ್‌ಟೈಟಲ್ ತೋರ್ಸೋದೇ ಇಲ್ಲ. ಹೋದ ತಿಂಗಳ ಒಬ್ರು ಇದನ್ನ ಮಾಡ್ಕೊಂಡು ಬಂದಿದ್ರು, 400 ತುಣುಕು ಕೈಲೆ ತಿದ್ದಾಕ ಕೂತಿದ್ರು.

ಮುಧೋಳದಾಂವ: ಈಗಾಗ್ಲೇ ಮಾಡೇನ್ರಿ.

ಅಕ್ಕ: ಮೊದಲ ಕಡತದ ಪ್ರತಿ ತಗದಿಡು. ರೆಗ್ಯುಲರ್ ಎಕ್ಸ್‌ಪ್ರೆಷನ್ ಗುರುತು ಹಾಕಿ ಇದನ್ನ ಹುಡುಕು:

```
(\d\d:\d\d:\d\d), (\d\d\d)
```

ಬದಲಿಗೆ ಇದನ್ನ ಹಾಕು:

```
$1,$2
```

ಕೆಲವು ಎಡಿಟರಿನಾಗ `$1` ಬದಲಿಗೆ `\1` ಬೇಕು. ಮಾತಿನ ಅಲ್ಪವಿರಾಮಕ್ಕ ಇದು ಮುಟ್ಟೋದಿಲ್ಲ. ಮುಂದ ಬಂದಿದ್ದೆಲ್ಲಾ ಓದದ ಮುಂದ ಕಳಸಬ್ಯಾಡ.

ನಿಪ್ಪಾಣಿಯವರು: ನಮ್ಮ ಮಾವಾರು ಕನ್ನಡ ಮಾತಾಡ್ತಾ ನಡುವ ಮರಾಠಿ ಪದ ಹಾಕ್ತಾರ. ಅವನ್ನ ಯಾವ ಲಿಪಿಯಾಗ ಬರೀಬೇಕ್ರಿ?

ಬಾಗಲಕೋಟೆಯ ಮಾಸ್ತರ್: ನನ್ನ ಮಾತಿಗೆ ಉತ್ತರ ಬರಲಿಲ್ಲ. ಕನ್ನಡಕ್ಕೆ ಒಂದು ಶಿಷ್ಟ ರೂಪ ಇದೆ.

ಇಂಡಿ ಊರಿನ ಹೆಣ್ಣುಮಗಳು: ಸರ, ನಮ್ಮವ್ವಗ ಕಿವಿ ಕೇಳಂಗಿಲ್ಲ. ತುಟಿ ನೋಡಿ, ಅಕ್ಷರ ನೋಡಿ, ಎರಡೂ ಕೂಡಿಸಿ ತಿಳ್ಕೋತಾಳ. ತುಟಿ ‘ಐತಿ’ ಅಂದು ಅಕ್ಷರ ‘ಇದೆ’ ಅಂದ್ರ ‘ಬ್ಯಾರೆ ಮಾತು ಹಾಕ್ಯಾರ’ ಅಂತ ವಿಡಿಯೋನೇ ಬಂದ್ ಮಾಡ್ತಾಳ. ನೀವು ಹೇಳೋ ಶಿಷ್ಟ ರೂಪ ಆಕಿಗೆ ಯಾವ ಉಪಯೋಗಕ್ಕ ಬರ್ತದ?

ಬಾಗಲಕೋಟೆಯ ಮಾಸ್ತರ್: ಒಬ್ಬರ ಸಲುವಾಗಿ ಭಾಷೆ ಬದಲಾಗುವುದಿಲ್ಲ.

ವಿಜಯಪುರದಾಂವ: ಹಂಗ ಮಾತಾಡಬ್ಯಾಡ್ರಿ ಸರ. ಅವ್ರ ಅವ್ವನ ಬಗ್ಗೆ ಹೇಳಾಕತ್ತಾರ.

ಅಕ್ಕ: ಮಾಸ್ತರ, ಒಂದು ಮಾತು ನಿಮ್ಮದು ಖರೇ ಐತಿ, ಮನಸ್ಸಿಗೆ ಬಂದಂಗ ಬರದ್ರ ಯಾರಿಗೂ ಓದಾಕ ಬರೂದಿಲ್ಲ. ತಂಗಿಯ ಕಡತದಾಗ ‘ಮಾಡಾಕತ್ತಾರ’ ಅನ್ನೋದು ‘ಮಾಡಾಕ ಹತ್ತಾರ’, ‘ಮಾಡಾಕ್ಹತ್ಯಾರ’ ಅಂತನೂ ಇದ್ದೀತು. ಯಾವುದಾದ್ರೂ ಒಂದ ಆರಿಸಿ ಕಾಗದದ ಮ್ಯಾಲೆ ಬರದಿಟ್ಕೋಬೇಕು, ಕಡೀ ತನಕ ಅದೇ ಇರಬೇಕು. ಬಿಡಿಸಿ ಬರದ್ರ ಆ ಎರಡ ಪದ ಎರಡ ಸಾಲಿಗೆ ಹರಿದು ಹೋಗಬಾರದು. ನಿಯಮ ಆಡುಮಾತಿಗೂ ಬೇಕು. ಆದ್ರ ಅಜ್ಜಿ ಬಾಯಾಗ ನಿಮ್ಮ ಮಾತು ಇಡಾಕ ನಾ ಒಪ್ಪೂದಿಲ್ಲ. ಇದರ ಮ್ಯಾಲೆ ಇನ್ನ ನಾ ಬರಿಯೂದಿಲ್ಲ.

ರಬಕವಿಯವರು: ಒಂದ್ ಸಾಲಿಗೆ ಎಷ್ಟ ಅಕ್ಷರ ಮೇಡಂ?

ಅಕ್ಕ: ಮ್ಯಾಲೆ ಹೇಳೇನಿ.

ಗೋಕಾಕದವರು: ನಮ್ಮ ಮದುವಿ ವಿಡಿಯೋದ ಮ್ಯಾಲೆ ಬಂದ ಹೆಸರು ಅಳಸಾಕ ಬರ್ತೈತೇನ್ರಿ? ಬೀಗರ ಹೆಸರು ತಪ್ಪ ಬಿದ್ದೈತಿ.

ಅಕ್ಕ: ಚಿತ್ರದಾಗೇ ಬೆರತಿದ್ರ ನನ್ನ ಕಡೆ ಆಗೂದಿಲ್ಲ. ವಿಡಿಯೋ ಮಾಡಿದವ್ರ ಹತ್ರ ಮೂಲ ಇದ್ರ ಅವ್ರನ್ನ ಕೇಳ್ರಿ.

ಇಂಡಿ ಊರಿನ ಹೆಣ್ಣುಮಗಳು: ಅಕ್ಕಾರ, ಅಜ್ಜಿ ಮಾತಿಗೊಮ್ಮೆ ‘ನೋಡ್ರಿ’ ಅಂತಾಳಲ್ಲ, ಎಲ್ಲಾ ಇಡಬೇಕಾ? ನಮ್ಮವ್ವಗ ಎಲ್ಲಾ ಬೇಕಂತ.

ಅಕ್ಕ: ನಾ ಇಲ್ಲೀ ತನಕ ಸಮಯ ಸಾಲದಿದ್ದಾಗ ಮೊದಲ ‘ನೋಡ್ರಿ’ ತಗೀತಿದ್ದೆ, ಸುದ್ದಿ ಹೇಳೋ ಪದ ಉಳಸ್ತಿದ್ದೆ. ನಿಮ್ಮವ್ವನ ಮಾತು ಕೇಳಿದ ಮ್ಯಾಲೆ ಅದು ಪೂರಾ ಸರಿ ಅಂತ ಹೇಳಾಕ ಬಾಯಿ ಬರವಲ್ದು.

ಜಮಖಂಡಿಯವರು: ಒಂದ್ ನಿಮಿಷದ ವಿಡಿಯೋ ತಿದ್ದಾಕ ಎಷ್ಟ ರೊಕ್ಕ ತಗೋಬೇಕ್ರಿ?

ಗುಳೇದಗುಡ್ಡದ ಹುಡುಗಿ: ಅಕ್ಕಾರ, 14 ಸರಿ ಆತ್ರಿ. 31ರಾಗ ಮಗ್ಗದ ಬಗ್ಗೆ ಒಂದ ಪದ ಐತಿ, ‘ಉಂಕಿ’ ಅಂತಾಳೋ ‘ಊಂಕಿ’ ಅಂತಾಳೋ ತಿಳೀವಲ್ದು. ನಿಘಂಟಿನಾಗ ನೋಡಿ ಹಾಕಲಾ?

ಅಕ್ಕ: ಅಜ್ಜಿ ಇನ್ನಾ ಅದಾಳಲ್ಲ? ಮೊದಲ ಆಕಿ ಮನಿಗೆ ಹೋಗಿ ಮತ್ತೊಮ್ಮೆ ಅನಸು, ಆಮ್ಯಾಲೆ ನಿಘಂಟು ತಗಿ.

ಗುಳೇದಗುಡ್ಡದ ಹುಡುಗಿ: ನಾಳೆ ಮುಂಜಾನೆ ಹೋಗ್ತೇನ್ರಿ.